ಸಿಲಿಂಡರ್ ಚಿಪ್ಪು

ಗ್ರೀಕಿನಲ್ಲಿ ಉರುಳುವುದನ್ನು ಸೂಚಿಸುವ ಧಾತುವಿನಿಂದ ಹುಟ್ಟಿದ ಪದ ‘ಸಿಲಿಂಡರ್’. ‘ಚಿಪ್ಪು’ ಎಂಬುದು ತೆಂಗಿನಕಾಯಿಗೂ ಆಮೆಗೂ ಕನ್ನಡದಲ್ಲಿ ಸಲ್ಲುವ ಮಾತು. ಆದರೆ ತೆಂಗಿನ ಚಿಪ್ಪು ಬಟ್ಟಲಿನ ಆಕಾರದ್ದು. ಗಣಿತದ ಚಿಪ್ಪಿಗೆ ತಳವೂ ಇಲ್ಲ, ಮುಚ್ಚಳವೂ ಇಲ್ಲ. ಎರಡೂ ಕಡೆ ಗೆಣ್ಣು ಕತ್ತರಿಸಿದ ಬಿದಿರಿನ ತುಂಡು ಅದಕ್ಕೆ ಹೆಚ್ಚು ಹತ್ತಿರ.

ಒಂದು ಸಮತಲ ಪ್ರದೇಶವನ್ನು ಲಂಬ ಅಕ್ಷದ ಸುತ್ತ ತಿರುಗಿಸಿದಾಗ, ಅದರೊಳಗಿನ ಪ್ರತಿಯೊಂದು ನಿಂತ ಪಟ್ಟಿಯೂ ಇಂಥ ಒಂದು ಚಿಪ್ಪಾಗುತ್ತದೆ. ಅದನ್ನು ಉದ್ದಕ್ಕೆ ಸೀಳಿ ಹಾಸಿದರೆ ತೆಳುವಾದ ಹಲಗೆ: ಉದ್ದ 2πx, ಎತ್ತರ f(x), ದಪ್ಪ dx. ಹಾಸುವಾಗ ಒಳಸುತ್ತು, ಹೊರಸುತ್ತುಗಳ ನಡುವಿನ ವ್ಯತ್ಯಾಸವನ್ನು ಬಿಟ್ಟಂತಾಗುತ್ತದೆ ನಿಜ. ದಪ್ಪ ಸೊನ್ನೆಯತ್ತ ಸರಿದಂತೆ ಆ ದೋಷವೂ ಅಳಿಯುತ್ತದೆ.

y = x − x³ ವಕ್ರರೇಖೆಯ ಕೆಳಗೆ, x = 0 ರಿಂದ 1 ರವರೆಗಿನ ಪ್ರದೇಶವನ್ನು y-ಅಕ್ಷದ ಸುತ್ತ ತಿರುಗಿಸಿ ನೋಡಬಹುದು. ಅಡ್ಡ ಬಿಲ್ಲೆಗಳಾಗಿ ಕತ್ತರಿಸಲು ಹೊರಟರೆ x ಅನ್ನು y ಮೂಲಕ ಬರೆಯಬೇಕು, ಅಂದರೆ ಘನ ಸಮೀಕರಣವನ್ನು ಬಿಡಿಸಬೇಕು. ಚಿಪ್ಪಿನ ದಾರಿಯಲ್ಲಿ ಆ ಗೋಜಿಲ್ಲ:

V = 2π∫₀¹ x(x − x³) dx = 2π(1/3 − 1/5) = 4π/15

ಅಂದರೆ ಸುಮಾರು 0.84. ಇಲ್ಲಿ ವಿದ್ಯಾರ್ಥಿಗಳು ಮರೆಯುವುದು ಸಾಮಾನ್ಯವಾಗಿ ತ್ರಿಜ್ಯದ x ಅನ್ನು. ಆಗ ಉತ್ತರ π/2, ಸುಮಾರು 1.57 ಬರುತ್ತದೆ. ವಕ್ರರೇಖೆಯ ಗರಿಷ್ಠ ಎತ್ತರ ಸುಮಾರು 0.385, ಘನವನ್ನು ಪೂರ್ತಿ ಒಳಗೊಳ್ಳುವ, ತ್ರಿಜ್ಯ 1 ಇರುವ ಸಿಲಿಂಡರಿನ ಗಾತ್ರವೇ ಸುಮಾರು 1.21. ಒಳಗಿನದು ಹೊರಗಿನದಕ್ಕಿಂತ ದೊಡ್ಡದಾದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.