ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ವೆಚ್ಚ (ಯೋಜನಾ ಬಜೆಟ್)

ಯೋಜನೆಯ ಕೆಲಸವನ್ನು ಗಮನಿಸಲು ಮತ್ತು ಅದರ ಪರಿಣಾಮವನ್ನು ಅಳೆಯಲು ಬಜೆಟ್ಟಿನಲ್ಲಿ ತೆಗೆದಿಡುವ ಪಾಲು. ಅಮೆರಿಕದ ಯುಎಸ್‌ಏಡ್ ಸಂಸ್ಥೆಯ 2011ರ ನೀತಿ ಬಾಹ್ಯ ಮೌಲ್ಯಮಾಪನಕ್ಕೆ ಸರಾಸರಿ ಶೇ. 3ರ ಗುರಿ ಇಟ್ಟಿತ್ತು; ಭಾರತದ ಉದ್ಯೋಗ ಖಾತರಿ ಯೋಜನೆಯಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆಗೆ ವೆಚ್ಚದ ಶೇ. 0.5ರವರೆಗೆ ಅವಕಾಶವಿತ್ತು. ಈ ಪಾಲು ಎಷ್ಟಿರಬೇಕೆಂಬುದು ಯೋಜನೆಯ ಗಾತ್ರವನ್ನೂ ಅವಲಂಬಿಸುತ್ತದೆ. ಸಮೀಕ್ಷೆಗೆ ಬೇಕಾದ ಮನೆಗಳ ಸಂಖ್ಯೆ ನಿರೀಕ್ಷಿತ ನಿಖರತೆಯನ್ನು ಅವಲಂಬಿಸುತ್ತದೆ, ಯೋಜನೆಯ ಮೊತ್ತವನ್ನಲ್ಲ. ಉದಾಹರಣೆಗೆ, 400 ಮನೆಗಳಿಗೆ ತಲಾ ₹600ರಂತೆ ಆರಂಭದಲ್ಲೂ ಕೊನೆಯಲ್ಲೂ ಸಮೀಕ್ಷೆ ನಡೆಸಿದರೆ ₹4.8 ಲಕ್ಷ ಬೇಕು. ಅದು ₹1 ಕೋಟಿಯ ಯೋಜನೆಗೆ ಶೇ. 4.8, ₹20 ಕೋಟಿಯದಕ್ಕೆ ಶೇ. 0.24. ಆದ್ದರಿಂದ ಮೊದಲು ಪ್ರಶ್ನೆಗಳನ್ನು ನಿರ್ಧರಿಸಿ, ಅವುಗಳ ಖರ್ಚು ಕೂಡಿಸಿ, ಆಮೇಲೆ ಶೇಕಡಾವಾರು ಹೇಳುವುದೇ ಸರಿಯಾದ ಕ್ರಮ. ಮೇಲ್ವಿಚಾರಣೆಯ ಲೆಕ್ಕ ಬೇರೆ: ಕಾಮಗಾರಿ ನಡೆಯುವ ಊರುಗಳು ಹೆಚ್ಚಿದಂತೆ ಓಡಾಟ, ಸಿಬ್ಬಂದಿಯ ವೆಚ್ಚವೂ ಏರುತ್ತದೆ.

ಈ ಹಣ ಫಲಾನುಭವಿಗಳಿಗೇ ಸಲ್ಲಬೇಕೆಂಬ ಆಕ್ಷೇಪಕ್ಕೆ ಬಲವಿದೆ. ಸಮೀಕ್ಷೆಯ ಫಲಿತಾಂಶದಿಂದ ಯಾವ ತೀರ್ಮಾನವೂ ಬದಲಾಗದಿದ್ದರೆ ಅದನ್ನು ಕೈಬಿಟ್ಟು ಕಾಮಗಾರಿಯ ದಾಖಲೆ, ಹಾಜರಿ ಪಟ್ಟಿಗಳ ಪರಿಶೀಲನೆಗಷ್ಟೇ ಸೀಮಿತವಾಗಬಹುದು. ಆದರೆ ಯೋಜನೆಯನ್ನು ವಿಸ್ತರಿಸುವ ಮಾತಿದ್ದಾಗ ಆರಂಭಿಕ ಸಮೀಕ್ಷೆಗೆ ಕತ್ತರಿ ಹಾಕುವುದು ದುಬಾರಿ ಉಳಿತಾಯ. ಹೋಲಿಸಲು ಹಿಂದಿನ ಅಂಕಿ ಇಲ್ಲದೆ ಕೊನೆಯ ಸಮೀಕ್ಷೆ ಬದಲಾವಣೆಯನ್ನು ತೋರಿಸಲಾರದು.