ಬಿಳಿಗಿರಿಯ ನೆಲ್ಲಿಯೂ ಐಗನ್ ಮೌಲ್ಯವೂ

ಬಿ.ಎಸ್ಸಿ. ಪಠ್ಯದಲ್ಲಿ ಐಗನ್ ಮೌಲ್ಯದ ಲೆಕ್ಕ ಬರುವುದು ಒಂದು ಮಾತೃಕೆ ಮತ್ತು ಒಂದು ಆದೇಶವಾಗಿ: ಕಂಡುಹಿಡಿಯಿರಿ. ಏಕೆ ಕಂಡುಹಿಡಿಯಬೇಕು ಎಂಬುದಕ್ಕೆ ಚಾಮರಾಜನಗರ ಜಿಲ್ಲೆಯಲ್ಲೇ ಒಂದು ಉತ್ತರವಿದೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ತಲೆಮಾರುಗಳಿಂದ ಕೊಯ್ಯುತ್ತ ಬಂದ ನೆಲ್ಲಿಮರಗಳು ಹೆಚ್ಚುತ್ತಿವೆಯೋ ಕುಗ್ಗುತ್ತಿವೆಯೋ ಎಂದು ಕೇಳಿದ ವಿಜ್ಞಾನಿಗಳು ಕೊನೆಗೆ ಹುಡುಕಿದ್ದು ಒಂದು ಮಾತೃಕೆಯ ಅತಿ ದೊಡ್ಡ ಐಗನ್ ಮೌಲ್ಯವನ್ನು.

ಈ ಕಲ್ಪನೆ ಹುಟ್ಟಿದ್ದು ಕಾಡಿನಿಂದ ಬಲು ದೂರದಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್, ತಿರುಗುವ ಘನವಸ್ತುವಿಗೆ ಅದು ಅಲುಗದೆ ಸುತ್ತಬಲ್ಲ ಅಕ್ಷಗಳಿರುತ್ತವೆ ಎಂದು ಕಂಡ. ಸಮಮಿತ ಕೋಷ್ಟಕಗಳಿಗೆ ಐಗನ್ ಮೌಲ್ಯಗಳು ಯಾವಾಗಲೂ ವಾಸ್ತವ ಸಂಖ್ಯೆಗಳೇ ಎಂದು 1829ರಲ್ಲಿ ಕೋಶಿ ತೋರಿಸಿದ. ಮಾತೃಕೆಗೆ ತನ್ನದೇ ಬೀಜಗಣಿತ ಕೊಟ್ಟದ್ದು 1858ರ ಕೇಲಿಯ ಪ್ರಬಂಧ. ಐಗನ್ ಎಂಬ ಜರ್ಮನ್ ಪದವನ್ನು 1904ರಲ್ಲಿ ಹಿಲ್ಬರ್ಟ್ ಬಳಸಿದ ಮೇಲೆ ಅದೇ ನಿಂತಿತು. ಜೀವಿಗಳ ಕಡೆಗಿನ ತಿರುವು ಬಂದದ್ದು 1945ರಲ್ಲಿ. ಪ್ರಾಣಿಗಳನ್ನು ವಯಸ್ಸಿನ ಗುಂಪುಗಳಾಗಿ ಒಡೆದು, ಒಂದು ವರ್ಷದ ಬದುಕು, ಸಾವು, ಹುಟ್ಟನ್ನೆಲ್ಲ ಲೆಸ್ಲಿ ಒಂದೇ ಮಾತೃಕೆಯಲ್ಲಿ ತುಂಬಿದ. ಆದರೆ ನಮ್ಮ ಕಾಡಿನ ಮರವೊಂದಕ್ಕೆ ಎಷ್ಟು ವಯಸ್ಸು ಎಂದು ನೋಡಿ ಹೇಳುವುದು ಕಷ್ಟ. ವಯಸ್ಸನ್ನು ಬಿಟ್ಟು ಬೆಳವಣಿಗೆಯ ಹಂತಗಳಲ್ಲೇ ಎಣಿಸಬಹುದೆಂದು 1965ರಲ್ಲಿ ಲೆಫ್ಕೊವಿಚ್ ತೋರಿಸಿದ. ಮರಕ್ಕಾದರೆ ಆ ಹಂತಗಳು ಸಸಿ, ಎಳೆಮರ, ಫಲ ಬಿಡುವ ಮರ. ಮರಗಳ ಅಧ್ಯಯನಕ್ಕೆ ನಿಜವಾಗಿ ಬಾಗಿಲು ತೆರೆದದ್ದು ಇದೇ ಎಂದು ನನ್ನ ಅಭಿಪ್ರಾಯ.

ಈಗ ಒಂದು ಅಭ್ಯಾಸದ ಲೆಕ್ಕ. ಇದರ ಅಂಕಿಗಳು ಕಾಡಿನಲ್ಲಿ ಅಳೆದವಲ್ಲ, ಕೈಲೆಕ್ಕಕ್ಕೆ ಅನುಕೂಲವಾಗಲೆಂದು ಆರಿಸಿದವು. ಗುಂಡ್ಲುಪೇಟೆಯಲ್ಲಿ ತರಗತಿ ತಪ್ಪಿಸಿಕೊಂಡ ವಿದ್ಯಾರ್ಥಿಗೆ ಗೆಳತಿ ಬೋರ್ಡಿನ ಫೋಟೋ ವಾಟ್ಸಾಪ್ ಮಾಡಿದ್ದಾಳೆ ಎಂದುಕೊಳ್ಳೋಣ:

```
A = | 0.3  1.6 |
    | 0.1  0.9 |
```

ಮೊದಲ ಕಂಬಸಾಲು ಸಸಿಯ ಕತೆ. ನೂರು ಸಸಿಗಳಲ್ಲಿ ಮೂವತ್ತು ಮರುವರ್ಷವೂ ಸಸಿಗಳಾಗೇ ಉಳಿಯುತ್ತವೆ, ಹತ್ತು ಮರವಾಗುತ್ತವೆ, ಉಳಿದವು ಸಾಯುತ್ತವೆ. ಎರಡನೆಯದು ಮರದ ಕತೆ. ಪ್ರತಿ ಮರ ವರ್ಷಕ್ಕೆ ಸರಾಸರಿ 1.6 ಹೊಸ ಸಸಿ ಕೊಡುತ್ತದೆ, ನೂರರಲ್ಲಿ ತೊಂಬತ್ತು ಮರ ಬದುಕುತ್ತವೆ.

ಯಾವುದೋ ಒಂದು ಅನುಪಾತದಲ್ಲಿ ಸಸಿ ಮತ್ತು ಮರಗಳಿದ್ದರೆ, A ಇಂದ ಗುಣಿಸಿದಾಗ ಎರಡೂ ಒಂದೇ ಪಟ್ಟು ಬೆಳೆಯುತ್ತವೆ. ಆ ಅನುಪಾತವೇ ಐಗನ್ ಸದಿಶ v, ಆ ಪಟ್ಟೇ ಐಗನ್ ಮೌಲ್ಯ λ. ಅಂದರೆ Av = λv, ಇದನ್ನೇ (A − λI)v = 0 ಎಂದು ಬರೆಯಬಹುದು. v ಸೊನ್ನೆಯಲ್ಲದೆ ಇರಬೇಕಾದರೆ A − λI ವಿಲೋಮವಿಲ್ಲದ ಮಾತೃಕೆಯಾಗಿರಬೇಕು, ಅದರ ನಿರ್ಧಾರಕ ಸೊನ್ನೆಯಾಗಬೇಕು. λವನ್ನು ಕರ್ಣದ ಮೇಲಿನ ಅಂಕಿಗಳಿಂದ ಮಾತ್ರ ಕಳೆಯಬೇಕು. ನಾಲ್ಕೂ ಕಡೆ ಕಳೆಯುವುದು ಉತ್ತರಪತ್ರಿಕೆಗಳಲ್ಲಿ ಪದೇಪದೇ ಕಾಣುವ ತಪ್ಪು.

```
(0.3 − λ)(0.9 − λ) − (1.6)(0.1) = 0
λ² − 1.2λ + 0.11 = 0
(λ − 1.1)(λ − 0.1) = 0
```

ಮೌಲ್ಯಗಳು 1.1 ಮತ್ತು 0.1. ಅವುಗಳ ಮೊತ್ತ 1.2, ಕರ್ಣದ ಮೊತ್ತವೂ ಅಷ್ಟೇ. ಗುಣಲಬ್ಧ 0.11, ನಿರ್ಧಾರಕವೂ ಅಷ್ಟೇ.

λ = 1.1 ಹಾಕಿದಾಗ ಮೊದಲ ಅಡ್ಡಸಾಲು −0.8x + 1.6y = 0, ಎರಡನೆಯದು 0.1x − 0.2y = 0. ಎರಡೂ ಹೇಳುವುದು ಒಂದೇ ಮಾತು: x = 2y. ಹೀಗೆ ಒಂದು ಸಮೀಕರಣ ಇನ್ನೊಂದರಲ್ಲಿ ಅಡಗಿರಲೇಬೇಕು. ಅಡಗದೆ x = 0, y = 0 ಎಂದು ಬಂದರೆ λ ತಪ್ಪಾಗಿದೆ ಎಂದೇ ಅರ್ಥ. ಆದ್ದರಿಂದ ಸದಿಶ (2, 1) ಅಥವಾ ಅದರ ಯಾವುದೇ ಪಟ್ಟು. λ = 0.1ಕ್ಕೆ 0.2x + 1.6y = 0, ಸದಿಶ (8, −1). 20 ಸಸಿ, 10 ಮರ ಇಟ್ಟು ಗುಣಿಸಿ ನೋಡಿ: 22 ಸಸಿ, 11 ಮರ. ಶೇಕಡ ಹತ್ತರ ಏರಿಕೆ, ಅನುಪಾತ ಹಾಗೆಯೇ. ಬೇರೆ ಅನುಪಾತದಲ್ಲಿ, 100 ಸಸಿ ಮತ್ತು 10 ಮರದಿಂದ ಹೊರಟರೂ ಮರುವರ್ಷ 46 ಮತ್ತು 19, ಅದರಾಚೆ 44.2 ಮತ್ತು 21.7, ಅನುಪಾತ ಬೇಗನೆ ಎರಡರ ಹತ್ತಿರ ಬಂದುಬಿಡುತ್ತದೆ. ಋಣ ಅಂಕಿಯಿರುವ (8, −1) ಕಾಡಿನಲ್ಲಿ ಎಲ್ಲೂ ಇಲ್ಲ. ವರ್ಷವರ್ಷಕ್ಕೂ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತ ಕರಗಿಹೋಗುವ ವ್ಯತ್ಯಾಸ ಅದು.

ಫೋಟೋದಿಂದ ಇಳಿಸಿಕೊಂಡ ಲೆಕ್ಕಕ್ಕೆ ಬೇರೆ ಬಗೆಯ ಎಚ್ಚರ ಬೇಕು. ಸೀಮೆಸುಣ್ಣದ ಚುಕ್ಕೆ ಕಾಣದೆ 1.6 ಎಂಬುದು 16 ಆಯಿತೆನ್ನಿ. ಆಗ λ² − 1.2λ − 1.33 = 0, ಮೂಲಗಳು 1.9 ಮತ್ತು −0.7. ಉತ್ತರ ಅಚ್ಚುಕಟ್ಟಾಗಿಯೇ ಇದೆ, ಮೊತ್ತ ಮತ್ತು ಗುಣಲಬ್ಧದ ತಾಳೆಯೂ ಸರಿಹೋಗುತ್ತದೆ, ಏಕೆಂದರೆ ಆ ತಾಳೆಗಳು ನೋಡುವುದು ನಾವು ಬರೆದುಕೊಂಡ ಮಾತೃಕೆಯನ್ನೇ ಹೊರತು ಬೋರ್ಡನ್ನಲ್ಲ. ನಿಧಾನವಾಗಿ ಬೆಳೆಯುವ ಮರ ವರ್ಷಕ್ಕೆ ಶೇಕಡ ತೊಂಬತ್ತು ಹೆಚ್ಚುತ್ತದೆ ಎಂದಾಗ ಅನುಮಾನ ಬರಬೇಕು.

ಅಡ್ಡಸಾಲನ್ನು ಕಂಬಸಾಲಾಗಿ ಬರೆದುಕೊಂಡರೆ ಇನ್ನೂ ಸೂಕ್ಷ್ಮ. ಐಗನ್ ಮೌಲ್ಯಗಳು ಒಂದಿಷ್ಟೂ ಬದಲಾಗುವುದಿಲ್ಲ, ಸದಿಶ ಮಾತ್ರ (2, 1) ಬದಲು (1, 8) ಆಗುತ್ತದೆ. ಇದನ್ನು ಹಿಡಿಯಲು ಬೋರ್ಡಿನ ಮಾತೃಕೆಯಿಂದಲೇ ಸದಿಶವನ್ನು ಗುಣಿಸಿ ನೋಡುವುದೊಂದೇ ದಾರಿ. ಆದರೆ ಈ (1, 8) ವ್ಯರ್ಥವಲ್ಲ. ಮುಂದಿನ ಸಂತತಿಯ ದೃಷ್ಟಿಯಿಂದ ಒಂದು ಮರ ಎಂಟು ಸಸಿಗಳಿಗೆ ಸಮ ಎಂದು ಅದು ಹೇಳುತ್ತದೆ.

ಆ ಮಾತಿನ ತೂಕ ನೆಲ್ಲಿಯ ಪ್ರಶ್ನೆಯಲ್ಲಿ ಕಾಣುತ್ತದೆ. ಹಣ್ಣು ಕೊಯ್ದದ್ದರಿಂದ ಹೊಸ ಸಸಿಗಳು ಅರ್ಧಕ್ಕೆ ಇಳಿದವು ಎಂದು 1.6ರ ಜಾಗದಲ್ಲಿ 0.8 ಹಾಕಿದರೆ ದೊಡ್ಡ ಮೌಲ್ಯ 1.012, ಸಂಖ್ಯೆ ಇನ್ನೂ ಕುಗ್ಗುತ್ತಿಲ್ಲ. ಸಸಿಗಳನ್ನು ಹಾಗೇ ಬಿಟ್ಟು, ಮರಗಳ ಉಳಿವನ್ನು 0.9ರಿಂದ 0.7ಕ್ಕೆ ಇಳಿಸಿದರೆ 0.947, ವರ್ಷಕ್ಕೆ ಶೇಕಡ ಐದಕ್ಕಿಂತ ಹೆಚ್ಚು ನಷ್ಟ. ಬಹುಕಾಲ ಬದುಕುವ ಮರದಲ್ಲಿ, ಹಣ್ಣು ಕಳೆದುಕೊಳ್ಳುವುದಕ್ಕಿಂತ ಫಲ ಬಿಡುವ ಮರವನ್ನೇ ಕಳೆದುಕೊಳ್ಳುವುದು ಎಷ್ಟೋ ಪಾಲು ದುಬಾರಿ.

ಬಿಳಿಗಿರಿಯ ನೆಲ್ಲಿಯ ಎರಡು ಜಾತಿಗಳ ಮೇಲೆ ಇಂಥ ಮಾತೃಕೆಗಳನ್ನು ಹಲವರು ಕಟ್ಟಿದ್ದಾರೆ. 2005ರಲ್ಲಿ ಅದಿತಿ ಸಿನ್ಹಾ ಮತ್ತು ಸೊಲಾಂಜ್ ಬ್ರೋ, ಕೊಯ್ಲಿನ ಸುಸ್ಥಿರತೆಯನ್ನು ಕಾಡಿನ ಬೆಂಕಿಯಿಂದ ಬೇರ್ಪಡಿಸಿ ನೋಡಲಾಗದು ಎಂಬ ದಿಕ್ಕಿನಲ್ಲಿ ಲೆಕ್ಕ ಮಾಡಿದರು. 2012ರಲ್ಲಿ ತಮಾರಾ ಟಿಕ್ಟಿನ್, ಆರ್. ಗಣೇಶನ್, ಎಂ. ಪರಮೇಶ, ಸಿದ್ದಪ್ಪ ಸೆಟ್ಟಿ ಅವರ ಅಧ್ಯಯನ ಕೊಯ್ಲು, ಲಂಟಾನ, ಮರದ ಮೇಲೆ ಬೆಳೆಯುವ ಬಂದಣಿಕೆ ಇವುಗಳ ಪಾಲನ್ನು ಒಂದೊಂದಾಗಿ ಬಿಡಿಸಿ ನೋಡಿತು. ಮರಗಳು ಕುಸಿಯುತ್ತಿದ್ದವು, ಆದರೆ ಕೊಯ್ಲೊಂದನ್ನೇ ಹೊಣೆ ಮಾಡುವಂತಿರಲಿಲ್ಲ. ಬಂದಣಿಕೆಗೆ ಸೋಲಿಗರು ಉಪ್ಪಿಲು ಅನ್ನುತ್ತಾರೆ. ತರಗು ಬೆಂಕಿ ನಿಂತ ಮೇಲೆ ಅದು ಹೆಚ್ಚಿತು ಎಂಬುದು ಅವರ ಹಳೆಯ ಮಾತು. ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಪರೀಕ್ಷಿಸಿದ್ದು ಈ ಸಂಶೋಧನಾ ಪರಂಪರೆಯ ದೊಡ್ಡ ಗುಣ.

ಮಿತಿಯೂ ಇದೆ. ಒಂದು ಮಾತೃಕೆ ಒಂದು ವರ್ಷದ ಸ್ಥಿತಿಯನ್ನೇ ಶಾಶ್ವತವೆಂದು ನಂಬುತ್ತದೆ. ನಮ್ಮ 1.1ರ ಒಳ್ಳೆಯ ವರ್ಷವೂ 0.947ರ ಕೆಟ್ಟ ವರ್ಷವೂ ಸರದಿಯಲ್ಲಿ ಬಂದರೆ ಎರಡು ವರ್ಷದ ಬೆಳವಣಿಗೆ ಅವೆರಡರ ಗುಣಲಬ್ಧವಾದ 1.042 ಎಂದು ತೋರುತ್ತದೆ. ಆದರೆ ಎರಡು ಮಾತೃಕೆಗಳನ್ನು ಮೊದಲು ಗುಣಿಸಿ, ಬಂದ ಮಾತೃಕೆಗೆ ಐಗನ್ ಮೌಲ್ಯ ಹುಡುಕಿದರೆ ಸಿಗುವುದು 1.035. ಪ್ರತಿ ವರ್ಷದ ಅನುಪಾತವೂ ಬೇರೆಯಾಗಿರುವುದರಿಂದ ಮರಗಳು ಯಾವ ಸದಿಶದಲ್ಲೂ ನೆಲೆ ನಿಲ್ಲುವುದಿಲ್ಲ. ಬೆಂಕಿ ಬಿದ್ದ ವರ್ಷ, ಬೀಳದ ವರ್ಷ ಎರಡನ್ನೂ ಅಳೆಯುವವರು ಗುಣಾಕಾರವನ್ನು ಮೊದಲು ಮಾಡಿ, ಐಗನ್ ಮೌಲ್ಯವನ್ನು ಆಮೇಲೆ ಹುಡುಕುವುದು ಇದಕ್ಕೇ.