ಹಂತಿಯ ಹಾಡು: ಸೊಲ್ಲು ಹಿಡಿದವರ ಪಾಲು

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಹಿರಿಯರು ವಿಜಯಪುರ, ಬಾಗಲಕೋಟೆ, ಧಾರವಾಡಗಳ ಕಡೆಯವರು. ಅವರ ಮಾತಿನಲ್ಲಿ 'ಹಂತಿ' ಎಂಬ ಶಬ್ದವನ್ನು ನಾವು ಕೇಳಿಯೇ ಇರುತ್ತೇವೆ. ಸುಗ್ಗಿಯಲ್ಲಿ ಕಣದ ಮೇಲೆ ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆ ತುಳಿಸುವುದೇ ಹಂತಿ. ಆ ಕೆಲಸದೊಡನೆ ಹುಟ್ಟಿ ಅದರೊಡನೆಯೇ ಬೆಳೆದದ್ದು ಹಂತಿಯ ಹಾಡು.

ಮೊದಲು ಕಣವನ್ನು ನೋಡೋಣ. ನೆಲವನ್ನು ಕೆತ್ತಿ, ನೀರು ಹೊಡೆದು, ದನಗಳಿಂದ ತುಳಿಸಿ ಗಟ್ಟಿಮಾಡಿ, ಸೆಗಣಿಯಿಂದ ಸಾರಿಸುವರು. ನಡುವೆ ಮೇಟಿಕಂಬ ನೆಡುವರು. ಕಂಬದ ಸುತ್ತಲೂ ಜೋಳದ ತೆನೆ ಹರವಿ, ಒಂದೇ ದಾವಣಿಗೆ ಐದಾರು ಎತ್ತುಗಳನ್ನು ಕಟ್ಟಿ ಸುತ್ತಿಸುವರು. ಮೇಟಿಯ ಮಗ್ಗುಲಿನ ಎತ್ತು ಕಂಬದಿಂದ ಮೂರು ಅಡಿ ದೂರದಲ್ಲಿದ್ದರೆ, ಒಂದು ಸುತ್ತಿಗೆ ಅದು ನಡೆಯುವುದು ಸುಮಾರು 19 ಅಡಿ. ಹದಿನೈದು ಅಡಿ ದೂರದಲ್ಲಿರುವ ಕೊನೆಯ ಎತ್ತು ನಡೆಯಬೇಕಾದದ್ದು 94 ಅಡಿ, ಎಂದರೆ ಐದು ಪಟ್ಟು. ಆದ್ದರಿಂದ ಮುದಿ ಎತ್ತನ್ನು ಒಳಗೆ, ಚುರುಕಾದುದನ್ನು ಹೊರಗೆ ಕಟ್ಟುವರು. ಹಿಂಗಾರಿ ಜೋಳದ ಸುಗ್ಗಿಗೆ ಬಿಸಿಲು ಏರಿರುತ್ತದೆ. ಹೀಗಾಗಿ ಹಂತಿ ಹೊಡೆಯುವುದು ಹೆಚ್ಚಾಗಿ ರಾತ್ರಿಯ ತಂಪಿನಲ್ಲಿ. ಎತ್ತು ನಿಲ್ಲಬಾರದು, ಹೊಡೆಯುವವನು ತೂಕಡಿಸಬಾರದು. ಹಾಡಿಗೆ ಕಣದಲ್ಲಿದ್ದ ಮೊದಲ ಕೆಲಸ ಇದು.

ಹಾಡುವ ಕ್ರಮದಲ್ಲಿ ಎರಡು ಪಾಲು. ಮುಂದಾಳು ಒಂದು ನುಡಿ ಎತ್ತುತ್ತಾನೆ. ಹಿಂದಿನವರು ಅದರ ತುದಿಯನ್ನೋ ಗೊತ್ತಾದ ಒಂದು ಪಲ್ಲವಿಯನ್ನೋ ಒಟ್ಟಾಗಿ ಹೇಳುತ್ತಾರೆ. ಇದಕ್ಕೆ ಸೊಲ್ಲು ಎಂದು ಹೆಸರು. ಕಣದಲ್ಲಿ ಸೊಲ್ಲು ಬರಿಯ ಅಲಂಕಾರವಲ್ಲ. ಹಿಂದಿನವರು ಸೊಲ್ಲು ಹೇಳುವಷ್ಟು ಹೊತ್ತು ಮುಂದಾಳಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಿಗೆ ತಂದುಕೊಳ್ಳಲು ಸಮಯ ಸಿಗುತ್ತದೆ. ಎತ್ತು ಸೆಗಣಿ ಹಾಕುವಾಗ ಕಾಳು ಕೆಡದಂತೆ ಅವನೇ ಬುಟ್ಟಿ ಹಿಡಿಯಬೇಕಾಗಿ ಬಂದರೂ ಸೊಲ್ಲು ನಡೆದೇ ಇರುತ್ತದೆ, ಹಾಡು ಕಡಿಯುವುದಿಲ್ಲ. ದೇವರ ಸ್ತುತಿ ಮುಗಿಸಿ, ಬಸವಣ್ಣನಾದ ಎತ್ತನ್ನು ಹೊಗಳಿ, ಶರಣರ ಕಥೆಗಳನ್ನು ಬೆಳಗಿನವರೆಗೆ ಹಾಡಲು ಓದು ಬಾರದ ಒಕ್ಕಲಿಗನಿಗೆ ಸಾಧ್ಯವಾದದ್ದು ಈ ಬಿಡುವಿನಿಂದಲೇ.

ಈ ಹಾಡುಗಳು ಬಹುಮಟ್ಟಿಗೆ ತ್ರಿಪದಿಯ ಜಾಡಿನವು. ತ್ರಿಪದಿಗೂ ದುಡಿಮೆಗೂ ಇರುವ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ವು, ಧಾನ್ಯ ಕುಟ್ಟುವಾಗ ತ್ರಿಪದಿ ಹಾಡುವುದನ್ನು ಹೇಳುತ್ತದೆ. ತ್ರಿಪದಿ ಬರಹದಲ್ಲಿ ಮೂರು ಸಾಲು; ಬಾಯಲ್ಲಿ ಎರಡನೆಯ ಸಾಲಿನ ಭಾಗ ಮರುಕಳಿಸಿ ನಾಲ್ಕಾಗುತ್ತದೆ. ಅದರ ಮೇಲೆ ಸೊಲ್ಲು. ಹತ್ತು ಸೆಕೆಂಡಿನಲ್ಲಿ ಓದಿ ಮುಗಿಸುವ ಒಂದು ತ್ರಿಪದಿ ಕಣದಲ್ಲಿ ಒಂದು ನಿಮಿಷ ಹಿಡಿಯಿತೆನ್ನೋಣ. ನೂರು ತ್ರಿಪದಿಗಳ ಕಥೆಗೆ ಒಂದು ಗಂಟೆ ನಲವತ್ತು ನಿಮಿಷ ಬೇಕಾಯಿತು. ಓದುವವನಿಗೆ ಅದೇ ಕಥೆ ಹದಿನೇಳು ನಿಮಿಷದ್ದು.

ಅಚ್ಚಿನಲ್ಲಿ ಆದ ನಷ್ಟ ಇಲ್ಲಿದೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದ ಮೇಲೆ ಜನಪದ ಹಾಡುಗಳನ್ನು ಬರೆದುಕೊಳ್ಳುವ ಕೆಲಸ ಹುರುಪಿನಿಂದ ನಡೆಯಿತು. ಅವರೆಲ್ಲರ ಉಪಕಾರ ದೊಡ್ಡದು. ಆದರೆ ಬರೆದುಕೊಳ್ಳುವವನ ಕೈ ಸಹಜವಾಗಿ ಮುಂದಾಳಿನ ನುಡಿಯ ಹಿಂದೆ ಓಡುತ್ತದೆ. ಮತ್ತೆ ಮತ್ತೆ ಬರುವ ಸೊಲ್ಲನ್ನು ಮೊದಲಿಗೆ ಒಮ್ಮೆ ಬರೆದು ಬಿಟ್ಟುಬಿಡುವುದೇ ರೂಢಿ. ಹಾಗೆ ಬರೆದದ್ದನ್ನು ಓದಿದಾಗ ಕಥೆ ದೊರೆಯುತ್ತದೆ. ಸೊಲ್ಲು ಎಲ್ಲಿ ಬೀಳುತ್ತಿತ್ತು, ಎಷ್ಟು ಹೊತ್ತು ಎಳೆಯುತ್ತಿದ್ದರು ಎಂಬುದು ದೊರೆಯುವುದಿಲ್ಲ.

ಇತ್ತ ಕಣವೂ ಬದಲಾಯಿತು. ಹಳೆ ಮೈಸೂರಿನವರು ರೋಣಗಲ್ಲು ಎನ್ನುವಂಥ ಕಲ್ಲಿನ ಗುಂಡನ್ನು ಎಳೆಯಲು ಒಂದು ಜೋಡಿ ಎತ್ತು ಸಾಕು. ಮುಂದೆ ಟ್ರ್ಯಾಕ್ಟರು, ಒಕ್ಕುವ ಯಂತ್ರಗಳು ಬಂದವು. ಎಷ್ಟೋ ಕಡೆ ಡಾಂಬರು ರಸ್ತೆಯೇ ಕಣವಾಯಿತು. ರಾತ್ರಿಯ ಕೆಲಸ ತಾಸುಗಳಲ್ಲಿ ಮುಗಿಯಿತು. ಎತ್ತಿಗೂ ಆಳಿಗೂ ದಣಿವು ತಪ್ಪಿದ್ದು ಒಳ್ಳೆಯದೇ. ಅದಕ್ಕಾಗಿ ನಾವು ಮರುಗಬೇಕಿಲ್ಲ. ಆದರೆ ಯಂತ್ರದ ಸದ್ದಿನಲ್ಲಿ ಸೊಲ್ಲು ಹಿಡಿಯುವವರಿಲ್ಲ. ಸೊಲ್ಲಿಲ್ಲದೆ ಮುಂದಾಳಿಗೂ ಉದ್ದನೆಯ ಕಥೆ ನೆನಪಿನಲ್ಲಿ ಉಳಿಯುವುದಿಲ್ಲ. ಹಂತಿಯ ಹಾಡು ವೇದಿಕೆಗೆ ಬಂದಾಗ ಐದು ನಿಮಿಷಕ್ಕೆ ಇಳಿಯುವುದು ಇದರಿಂದಲೇ.

ನಮ್ಮ ಮನೆಗಳಲ್ಲಿ ಹಂತಿ ಹೊಡೆದ ಹಿರಿಯರು ಇನ್ನೂ ಇದ್ದರೆ, ಅವರನ್ನು ಒಬ್ಬರೇ ಕೂರಿಸಿ ಹಾಡಿಸುವುದು ಬೇಡ. ಒಂಟಿಯಾಗಿ ಕುಳಿತವರು ನಾಲ್ಕು ನುಡಿಗೆ ತಡವರಿಸಿ, ಮರೆತುಹೋಯಿತು ಎನ್ನುತ್ತಾರೆ. ಮೊದಲು ಸೊಲ್ಲನ್ನು ಕೇಳಿ ಕಲಿತು, ಮನೆಯ ನಾಲ್ಕಾರು ಮಂದಿ ಅದನ್ನು ಹಿಡಿಯೋಣ. ಸೊಲ್ಲು ಬಿದ್ದರೆ ಮುಂದಿನ ನುಡಿ ತಾನೇ ಬಂದೀತು. ಬರೆದುಕೊಳ್ಳುವಾಗಲೂ ಸೊಲ್ಲು ಬಂದ ಕಡೆಯಲ್ಲೆಲ್ಲ ಅದನ್ನು ಬಿಡದೆ ಬರೆಯೋಣ.